ಹನ್ನೊಂದಕ್ಕೆ ಹಾಡು, ಒಂದಕ್ಕೆ ಎಚ್ಚರ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವ್ಯಕ್ತಿಗೆ 34 ವರ್ಷ. ವಿಡಿಯೊ ಎಡಿಟಿಂಗ್ ಮಾಡುತ್ತಾರೆ. ಮನೆಯಲ್ಲೇ ಕೂತು ಮಾಡುವ ಕೆಲಸ, ದಿನದ ಬಹುಪಾಲು ಹೊತ್ತು ಕಿವಿಗೆ ಹೆಡ್‌ಫೋನ್. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಿದ್ದೆಗೆ ಸಂಬಂಧಪಟ್ಟ ಸಂಗತಿಗಳನ್ನು ಇದ್ದ ಹಾಗೇ ಬರೆದಿದ್ದೇನೆ.

ಅವರ ದೂರು ಸರಳವಾಗಿತ್ತು. ಮಲಗಿ ಮುಕ್ಕಾಲು ಗಂಟೆ ಕಳೆದರೂ ನಿದ್ದೆ ಹತ್ತುವುದಿಲ್ಲ. ಹತ್ತಿದರೂ ರಾತ್ರಿ ಒಂದರ ಸುಮಾರಿಗೆ ಎಚ್ಚರವಾಗುತ್ತದೆ. ಎಚ್ಚರವಾದಾಗ ತಲೆಯೊಳಗೆ ಯಾವುದೋ ಹಾಡಿನ ಒಂದೇ ಸಾಲು ಸುತ್ತುತ್ತಿರುತ್ತದೆ. ಹೀಗೆ ಶುರುವಾಗಿ ಎರಡು ತಿಂಗಳಾಗಿತ್ತು.

"ಹಾಡಿಲ್ಲದಿದ್ರೆ ನಂಗೆ ನಿದ್ದೆನೇ ಬರಲ್ಲ ಸರ್. ಈಗ ಹಾಕ್ಕೋತಿರೋ ಹಾಡುಗಳು ಸರಿಯಿಲ್ಲ ಅನ್ಸುತ್ತೆ. ನಿದ್ದೆಗೆ ಯಾವುದು ಒಳ್ಳೇದು ಅಂತ ಒಂದು ಲಿಸ್ಟ್ ಕೊಟ್ಬಿಡಿ" ಅಂದರು.

ನನ್ನ ಬಳಿ ಬರುವ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ನಾನು ಲಿಸ್ಟ್ ಕೊಡುವುದಿಲ್ಲ. ಅವರ ಲಿಸ್ಟನ್ನೇ ನನಗೆ ತೋರಿಸಿ ಅನ್ನುತ್ತೇನೆ. ಹಾಡಿನ ಬಗೆ ಯಾವುದು ಅನ್ನುವುದಕ್ಕಿಂತ, ಅದು ಎಷ್ಟು ಜೋರಾಗಿದೆ, ಒಳಗೆ ಎಷ್ಟು ಏರಿಳಿತ ಇದೆ, ನಿದ್ದೆ ಬಂದ ಮೇಲೂ ಓಡುತ್ತಿದೆಯಾ ಅನ್ನುವುದೇ ಎಷ್ಟೋ ಸಲ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಮೊದಲು ಬೇರೆ ಕಾರಣಗಳನ್ನು ಕೇಳಿ ತಳ್ಳಿಹಾಕಬೇಕಾಗುತ್ತದೆ. ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು, ಮಲಗಿದಾಗ ಕಾಲು ಆಡಿಸದೇ ಇರಲಾಗದ ಚಡಪಡಿಕೆ, ಇವ್ಯಾವೂ ಇರಲಿಲ್ಲ. ಮನಸ್ಸು ತೀರಾ ಕುಗ್ಗಿರಲಿಲ್ಲ. ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಯ ಕಾಫಿ ಮಧ್ಯಾಹ್ನ ಮೂರಕ್ಕೇ ಮುಗಿಯುತ್ತಿತ್ತು. ಇವುಗಳಲ್ಲಿ ಯಾವುದಾದರೂ ಇದ್ದಿದ್ದರೆ ಹಾಡಿನ ಮಾತು ಪಕ್ಕಕ್ಕಿಟ್ಟು ಮೊದಲು ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಗೊರಕೆಯಿಂದ ಎಚ್ಚರವಾಗುವವರಿಗೆ ಪ್ಲೇಲಿಸ್ಟ್ ಬದಲಿಸಿ ಏನು ಪ್ರಯೋಜನ?

ಒಂದು ವಾರದ ಡೈರಿ

ಒಂದು ವಾರ ಏನನ್ನೂ ಬದಲಿಸಬೇಡಿ, ಸುಮ್ನೆ ಬರೆದಿಡಿ ಅಂದೆ. ಹಾಸಿಗೆಗೆ ಹೋದದ್ದು ಎಷ್ಟು ಹೊತ್ತಿಗೆ, ಅಂದಾಜು ನಿದ್ದೆ ಬಂದದ್ದು ಯಾವಾಗ, ಎಚ್ಚರವಾದದ್ದು ಯಾವಾಗ, ಎದ್ದದ್ದು ಯಾವಾಗ, ಆಗ ಏನು ಕೇಳಿಸುತ್ತಿತ್ತು. ಎಲ್ಲವನ್ನೂ ಬೆಳಗ್ಗೆ ಬರೆಯಬೇಕು. ರಾತ್ರಿ ಗಡಿಯಾರ ನೋಡಿ ಬರೆಯಲು ಹೊರಟರೆ ಬರೆಯುವುದೇ ನಿದ್ದೆ ಕೆಡಿಸುತ್ತದೆ. ನಿಮಿಷ ಹಿಂದೆಮುಂದೆ ಆದರೂ ಪರವಾಗಿಲ್ಲ.

ಡೈರಿಯಲ್ಲಿ ಕಂಡದ್ದು ಇಷ್ಟು. ಹತ್ತೂವರೆಗೆ ಹಾಸಿಗೆ, ಇಯರ್‌ಬಡ್ ಹಾಕಿಕೊಂಡು ಫೋನ್ ಕೈಯಲ್ಲಿ. ಹಾಡು ಹಿಡಿಸದಿದ್ದರೆ ಮುಂದಿನದಕ್ಕೆ ಹೋಗುವುದು. ಹನ್ನೊಂದೂವರೆಯಿಂದ ಹನ್ನೊಂದೂ ಮುಕ್ಕಾಲರ ನಡುವೆ ನಿದ್ದೆ. ಒಂದರಿಂದ ಒಂದೂಕಾಲರ ನಡುವೆ ಎಚ್ಚರ. ಆ ಎಚ್ಚರದ ಹೊತ್ತಿಗೆ ಹೆಚ್ಚಿನ ರಾತ್ರಿ ಹಾಡು ಇನ್ನೂ ಓಡುತ್ತಲೇ ಇತ್ತು, ಅದೂ ಅವರು ಆರಿಸಿದ ಹಾಡಲ್ಲ. ಪ್ಲೇಲಿಸ್ಟ್ ಮುಗಿದ ಮೇಲೆ ಆ್ಯಪ್ ತಾನಾಗಿ ಹುಡುಕಿ ಹಾಕಿದ್ದು. ಭಾನುವಾರ ಮಾತ್ರ ಒಂಬತ್ತರವರೆಗೆ ಮಲಗಿದ್ದರು. ಆ ರಾತ್ರಿ ನಿದ್ದೆ ಬಂದದ್ದು ಹನ್ನೆರಡೂವರೆಗೆ.

ಒಂದರ ಎಚ್ಚರಕ್ಕೆ ಒಂದು ಲೆಕ್ಕ ಇದೆ. ನಿದ್ದೆ ಸುತ್ತು ಸುತ್ತಾಗಿ ನಡೆಯುತ್ತದೆ. ಒಂದು ಸುತ್ತು ಸುಮಾರು 90 ನಿಮಿಷ. ಹಗುರ ನಿದ್ದೆಯಿಂದ ಗಾಢ ನಿದ್ದೆಗೆ ಇಳಿದು, ಮತ್ತೆ ಮೇಲಕ್ಕೆ ಬರುತ್ತದೆ. ಸುತ್ತು ಮುಗಿಯುವಾಗ ಎಲ್ಲರಿಗೂ ನಿದ್ದೆ ತೆಳುವಾಗುತ್ತದೆ, ಒಂದು ಕ್ಷಣ ಎಚ್ಚರವಾದರೂ ಮಗ್ಗುಲು ಬದಲಿಸಿ ಮತ್ತೆ ಮುಳುಗುತ್ತೇವೆ. ಬೆಳಗ್ಗೆ ನೆನಪೂ ಇರುವುದಿಲ್ಲ. ಹನ್ನೊಂದೂವರೆ ದಾಟಿ ಮಲಗಿದವರಿಗೆ ಮೊದಲ ಸುತ್ತು ಮುಗಿಯುವುದು ಒಂದರ ಆಸುಪಾಸಿನಲ್ಲೇ. ಸರಿಯಾಗಿ ಆ ತೆಳು ಹೊತ್ತಿನಲ್ಲಿ ಕಿವಿಯೊಳಗೆ ಗೊತ್ತಿಲ್ಲದ ಹಾಡೊಂದು ಓಡುತ್ತಿದ್ದರೆ ಆ ಕ್ಷಣದ ಎಚ್ಚರ ಪೂರಾ ಎಚ್ಚರವಾಗುತ್ತದೆ.

ನಿದ್ದೆಯಲ್ಲಿ ಕಿವಿ ಮುಚ್ಚಿರುವುದಿಲ್ಲ. ಶಬ್ದ ಮೆದುಳಿಗೆ ಹೋಗುತ್ತಲೇ ಇರುತ್ತದೆ, ಬಹುಪಾಲನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ ಅಷ್ಟೇ. ಒಂದೇ ಸಮ ಇರುವ ಶಬ್ದವನ್ನು ಬೇಗ ಕಡೆಗಣಿಸುತ್ತದೆ. ತಟ್ಟನೆ ಬದಲಾಗುವ ಶಬ್ದ ಮತ್ತು ಅರ್ಥ ಇರುವ ಶಬ್ದ, ಇವೆರಡು ಸುಲಭವಾಗಿ ಒಳಗೆ ನುಗ್ಗುತ್ತವೆ. ಫ್ಯಾನ್ ಸದ್ದಿನಲ್ಲಿ ಮಲಗಿದವರು ಮೆಲ್ಲಗೆ ಹೆಸರು ಹಿಡಿದು ಕರೆದರೆ ಏಳುತ್ತಾರೆ, ಅಲ್ವಾ? ಹಾಡಿನಲ್ಲಿ ಬದಲಾವಣೆಯೂ ಇದೆ, ಅರ್ಥವೂ ಇದೆ.

ಪ್ಲೇಲಿಸ್ಟ್ ಒಟ್ಟಿಗೆ ಕೂತು ಕೇಳಿದ್ದು

ಅವರ ಲಿಸ್ಟ್ ನೋಡಿದಾಗ ಮೊದಲಿಗೆ ತಪ್ಪೇನೂ ಕಾಣಲಿಲ್ಲ. ಸಿನಿಮಾ ಹಾಡುಗಳೇ, ಆದರೆ ಕೊಳಲು ಮತ್ತು ಪಿಯಾನೊದಲ್ಲಿ ನುಡಿಸಿದ್ದು. "ಮಾತಿದ್ರೆ ಗಮನ ಅಲ್ಲಿಗೆ ಹೋಗುತ್ತೆ, ಅದಕ್ಕೇ ಬರೀ ವಾದ್ಯದ್ದು ಹಾಕ್ಕೊಂಡೆ" ಅಂದರು. ನಿಧಾನ ಲಯ, ಮಾತಿಲ್ಲ. ನಿದ್ದೆ ಸಂಗೀತದ ಬಗ್ಗೆ ಎಲ್ಲೆಡೆ ಸಿಗುವ ಸಲಹೆ ಇದೇ. ಅದು ತಪ್ಪೂ ಅಲ್ಲ. ನಿಮಿಷಕ್ಕೆ 60ರಿಂದ 80 ಬಡಿತದ ಲಯ, ಅಂದರೆ ಆರಾಮವಾಗಿ ಕೂತಾಗಿನ ಎದೆಬಡಿತದ ಆಸುಪಾಸು, ಸಾಮಾನ್ಯವಾಗಿ ಸರಿಹೋಗುತ್ತದೆ.

ತೊಂದರೆ ಇದ್ದದ್ದು ಅವು ಅವರಿಗೆ ಬಾಯಿಪಾಠವಾದ ಹಾಡುಗಳು ಅನ್ನುವುದರಲ್ಲಿ. ಐದನೆಯ ಟ್ರ್ಯಾಕ್ ಹಾಕಿ, "ಈಗ ನಿಮ್ಮ ತಲೆಯಲ್ಲಿ ಏನು ನಡೀತಿದೆ?" ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು ನಕ್ಕರು. "ಹಾಡ್ತಿದೀನಿ ಸರ್, ಒಳಗೊಳಗೇ." ಕೊಳಲು ಬಿಟ್ಟ ಜಾಗವನ್ನು ಅವರ ಮನಸ್ಸು ಮಾತು ತುಂಬಿ ಹಾಡಿಕೊಳ್ಳುತ್ತಿತ್ತು. ಮುಂದಿನ ಸಾಲು ಬರುವ ಮೊದಲೇ ಅದು ನಾಲಿಗೆಯ ತುದಿಗೆ ಬಂದು ಕೂತಿರುತ್ತಿತ್ತು. ನಿದ್ದೆಗೆ ಜಾರಬೇಕಾದ ಮನಸ್ಸಿಗೆ ಇದು ಪೂರ್ತಿ ಕೆಲಸ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲಿನ್ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ತಲೆಗೆ ಹತ್ತಿಕೊಂಡು ಬಿಡದ ಹಾಡು ನಿದ್ದೆಯನ್ನು ಏನು ಮಾಡುತ್ತದೆ ಅಂತ ಅವರು ಪ್ರಯೋಗಾಲಯದಲ್ಲಿ ನೋಡಿದರು. ಮಲಗುವ ಮೊದಲು ಕೆಲವರಿಗೆ ಜನಪ್ರಿಯ ಹಾಡುಗಳನ್ನು ಮಾತಿನ ಸಮೇತ ಕೇಳಿಸಿದರು, ಕೆಲವರಿಗೆ ಅದೇ ಹಾಡುಗಳನ್ನು ಬರೀ ವಾದ್ಯದಲ್ಲಿ. ವಾದ್ಯದಲ್ಲಿ ಕೇಳಿದವರ ತಲೆಗೇ ಹಾಡು ಜಾಸ್ತಿ ಅಂಟಿಕೊಂಡಿತು. ಹಾಗೆ ಅಂಟಿಸಿಕೊಂಡವರಿಗೆ ನಿದ್ದೆ ತಡವಾಗಿ ಬಂತು, ರಾತ್ರಿ ಎಚ್ಚರಗಳು ಹೆಚ್ಚಿದವು, ಹಗುರ ನಿದ್ದೆಯಲ್ಲಿ ಕಳೆದ ಹೊತ್ತೂ ಜಾಸ್ತಿ ಇತ್ತು. ದಿನವೆಲ್ಲ ಹೆಚ್ಚು ಸಂಗೀತ ಕೇಳುವವರಲ್ಲಿ ಈ ತೊಂದರೆ ಹೆಚ್ಚು ಅನ್ನುವುದೂ ಅವರ ಸಮೀಕ್ಷೆಯಲ್ಲಿ ಕಂಡಿತು.

ನಮ್ಮ ಎಡಿಟರ್‌ಗೆ ಈ ಕೊನೆಯ ಮಾತು ನೇರವಾಗಿ ತಾಗುತ್ತಿತ್ತು. ಎಡಿಟಿಂಗ್‌ನಲ್ಲಿ ಹತ್ತು ಸೆಕೆಂಡಿನ ತುಣುಕನ್ನು ಹಿಂದೆ ಮುಂದೆ ಎಳೆದು ಮತ್ತೆ ಮತ್ತೆ ಕೇಳಬೇಕು. ಮತ್ತೆ ಮತ್ತೆ ಕೇಳಿದ ಹಾಡೇ ಬೇಗ ತಲೆಗೆ ಅಂಟುವುದು. ಡೈರಿ ಮತ್ತೊಮ್ಮೆ ತಿರುಗಿಸಿ ನೋಡಿದೆವು. ರಾತ್ರಿ ಒಂದಕ್ಕೆ ತಲೆಯಲ್ಲಿ ಓಡುತ್ತಿದ್ದ ಸಾಲು ಕೆಲವು ದಿನ ಪ್ಲೇಲಿಸ್ಟಿನದು, ಕೆಲವು ದಿನ ಅಂದು ಸಂಜೆ ಎಡಿಟ್ ಮಾಡಿದ ತುಣುಕಿನದು. ಅಂದರೆ ಪ್ಲೇಲಿಸ್ಟ್ ಬದಲಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತಿತ್ತು.

ಹಾಗಂತ ಮಲಗುವಾಗ ಸಂಗೀತವೇ ಬೇಡ ಅನ್ನುವ ತೀರ್ಮಾನಕ್ಕೆ ಜಿಗಿಯುವುದೂ ಸರಿಯಲ್ಲ. ನಿದ್ದೆಯ ತೊಂದರೆ ಇರುವ ವಯಸ್ಕರಿಗೆ ಸಂಗೀತ ಕೇಳಿಸಿ ನೋಡಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಒಟ್ಟುಗೂಡಿಸಿದೆ. 13 ಪ್ರಯೋಗ, 1007 ಜನ. ದಿನಕ್ಕೆ 25ರಿಂದ 60 ನಿಮಿಷ ಸಂಗೀತ ಕೇಳಿದವರು ತಮ್ಮ ನಿದ್ದೆ ಸುಧಾರಿಸಿತು ಅಂತ ಹೇಳಿದ್ದಕ್ಕೆ ಸಾಕಷ್ಟು ಒಳ್ಳೆಯ ಆಧಾರ ಸಿಕ್ಕಿತು. ಉಪಕರಣ ಹಾಕಿ ಅಳೆದ ನಿದ್ದೆಯ ವಿಷಯದಲ್ಲಿ ಆಧಾರ ಅಷ್ಟು ಗಟ್ಟಿಯಿಲ್ಲ. ಕೇಳುವವರಿಗೆ ನೆಮ್ಮದಿ ಕೊಡುವ ಸಂಗೀತ, ಒಂದು ಮಿತಿಯ ಹೊತ್ತು, ದಿನವೂ. ನನ್ನ ಅನುಭವದಲ್ಲೂ ಕೆಲಸಕ್ಕೆ ಬರುವುದು ಇದೇ.

ವಾಲ್ಯೂಮ್‌ನ ಕಥೆ

ಶಬ್ದವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದು ಸಾಮಾನ್ಯ ಅಳತೆಯ ಹಾಗೆ ಏರುವುದಿಲ್ಲ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಗೆ ಎರಡು ಅಂಕಿ ಕೊಟ್ಟಿದೆ. ಒಂದೇ ಸಮನಾದ ಶಬ್ದ 30 ಡೆಸಿಬೆಲ್ ದಾಟಬಾರದು, ಆಗಾಗ ಬಂದುಹೋಗುವ ಶಬ್ದ 45 ದಾಟಬಾರದು. ಇದು ವಾಹನ, ಯಂತ್ರಗಳ ಗದ್ದಲವನ್ನು ಮನಸ್ಸಿನಲ್ಲಿಟ್ಟು ಹೇಳಿದ್ದು. ಬೇಕೆಂದು ಹಾಕಿಕೊಂಡ ಹಾಡಿಗೆ ಹಾಗೆಹಾಗೇ ಅನ್ವಯಿಸಲಾಗದು. ಆದರೂ ನಿದ್ದೆ ಹತ್ತಿದ ಮೇಲೆ ಎಷ್ಟು ಶಬ್ದ ಜಾಸ್ತಿ ಅನ್ನುವುದಕ್ಕೆ ಒಂದು ಅಂದಾಜು ಸಿಗುತ್ತದೆ.

ಇಯರ್‌ಬಡ್ ಒಳಗಿನ ಶಬ್ದವನ್ನು ಮನೆಯಲ್ಲಿ ಅಳೆಯಲು ಬರುವುದಿಲ್ಲ. ಹಾಗಾಗಿ ಅದೇ ಟ್ರ್ಯಾಕುಗಳನ್ನು ಒಂದು ಸಣ್ಣ ಸ್ಪೀಕರಿನಲ್ಲಿ ಹಾಕಿ, ಅವರಿಗೆ ಅಷ್ಟೇ ಜೋರು ಅನಿಸುವವರೆಗೆ ಹೊಂದಿಸಿದರು. ದಿಂಬಿನ ಮೇಲೆ ಫೋನ್ ಇಟ್ಟು ಸೌಂಡ್ ಮೀಟರ್ ಆ್ಯಪ್ ತೆರೆದರು. ಹಾಡಿಲ್ಲದೆ, ಫ್ಯಾನ್ ನಿಧಾನಕ್ಕೆ ತಿರುಗುವಾಗ ಕೋಣೆ 36 ತೋರಿಸಿತು. ಮೊದಲ ಟ್ರ್ಯಾಕಿನ ಕೊಳಲು ಶುರುವಾದಾಗ 40. ಅದೇ ಟ್ರ್ಯಾಕಿನ ಮೂರನೇ ನಿಮಿಷದಲ್ಲಿ ತಬಲಾ ಮತ್ತು ಪಿಟೀಲು ಸೇರಿದಾಗ 57.

ಫೋನ್ ಆ್ಯಪಿನ ಅಂಕಿಗಳನ್ನು ಪೂರಾ ನಂಬಬಾರದು. ಮೈಕಿಗೆ ತನ್ನದೇ ಸಣ್ಣ ಗುಂಯ್‌ಗುಡುವ ಸದ್ದಿರುತ್ತದೆ, ತುಂಬಾ ಕಡಿಮೆ ಶಬ್ದವನ್ನು ಅದು ಸರಿಯಾಗಿ ತೋರಿಸದು. ಎರಡು ಅಳತೆಗಳ ನಡುವಿನ ವ್ಯತ್ಯಾಸ ಮಾತ್ರ ಸಾಕಷ್ಟು ನಂಬಬಹುದು. ಇಲ್ಲಿ ಬೇಕಿದ್ದದ್ದೂ ಅದೇ. ಒಂದೇ ಟ್ರ್ಯಾಕಿನೊಳಗೆ 17 ಡೆಸಿಬೆಲ್ ಜಿಗಿತ, ಅಂದರೆ ಕಿವಿಗೆ ಮೂರು ಪಟ್ಟಿಗಿಂತ ಜೋರು. ಅವರು ವಾಲ್ಯೂಮ್ ಹೊಂದಿಸುತ್ತಿದ್ದದ್ದು ಮೊದಲ ಅರ್ಧ ನಿಮಿಷದಲ್ಲಿ, ಕೊಳಲು ಒಂದೇ ಇದ್ದಾಗ. "ಸರಿಯಾಗಿ ಕೇಳಿಸ್ಲಿ" ಅಂತ ಒಂದೆರಡು ಗುಂಡಿ ಏರಿಸಿ ಫೋನ್ ಕೆಳಗಿಡುತ್ತಿದ್ದರು. ಮೂರನೇ ನಿಮಿಷಕ್ಕೆ ರೆಪ್ಪೆ ಭಾರವಾಗುವ ಹೊತ್ತಿಗೆ ತಬಲಾ ಬರುತ್ತಿತ್ತು.

"ಆ್ಯಪಲ್ಲಿ ಎಲ್ಲಾ ಹಾಡನ್ನೂ ಒಂದೇ ವಾಲ್ಯೂಮಿಗೆ ತರೋ ಸೆಟ್ಟಿಂಗ್ ಆನ್ ಮಾಡಿದೀನಲ್ಲ?" ಅಂತ ಕೇಳಿದರು. ಎಡಿಟರ್ ಆದ್ದರಿಂದ ಉತ್ತರ ಅವರಿಗೇ ಹೊಳೆಯಿತು. ಆ ಸೆಟ್ಟಿಂಗ್ ಒಂದು ಟ್ರ್ಯಾಕಿನ ಸರಾಸರಿಯನ್ನು ಇನ್ನೊಂದರ ಸರಾಸರಿಗೆ ಹೊಂದಿಸುತ್ತದೆ. ಒಂದೇ ಟ್ರ್ಯಾಕಿನೊಳಗಿನ ಏರಿಳಿತವನ್ನು ಮುಟ್ಟುವುದಿಲ್ಲ.

ವಾಲ್ಯೂಮ್ ಏರಿಸಬೇಕು ಅನಿಸುವುದಕ್ಕೂ ಕಾರಣವಿದೆ. ಶಬ್ದ ಕಡಿಮೆಯಾದಷ್ಟೂ ನಮ್ಮ ಕಿವಿಗೆ ಕೆಳಸ್ವರಗಳು ಇನ್ನೂ ಕಡಿಮೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಅಮೆರಿಕದ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಮೆಲ್ಲಗೆ ಹಾಕಿದ ಹಾಡು ಸಪ್ಪೆಯಾಗಿ, ತೆಳುವಾಗಿ ಕೇಳಿಸುತ್ತದೆ, ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಮಗ್ಗುಲಾಗಿ ಮಲಗಿದಾಗ ಇಯರ್‌ಬಡ್ ಸ್ವಲ್ಪ ಜಾರಿದರೂ ಮೊದಲು ಹೋಗುವುದು ಈ ಕೆಳಸ್ವರಗಳೇ. ಹಗಲೆಲ್ಲ ಒಳ್ಳೆಯ ಹೆಡ್‌ಫೋನಿನಲ್ಲಿ ಸೂಕ್ಷ್ಮವಾಗಿ ಕೇಳುವವರಿಗೆ ಇದು ಇನ್ನೂ ಕಿರಿಕಿರಿ. ಮಲಗುವಾಗಿನ ಸಂಗೀತ ಸ್ವಲ್ಪ ಸಪ್ಪೆಯಾಗೇ ಇರಬೇಕು, ಅದು ಹಾಗಿದ್ದರೇ ಸರಿ ಅನ್ನುವುದನ್ನು ಒಪ್ಪಿಸಲು ಸ್ವಲ್ಪ ಹೊತ್ತು ಬೇಕಾಯಿತು.

ರಾತ್ರಿಯಿಡೀ ಇಯರ್‌ಬಡ್ ಹಾಕಿಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮಗ್ಗುಲಾದಾಗ ಕಿವಿ ಒತ್ತಿ ನೋಯುತ್ತದೆ, ಕಿವಿಯ ಮೇಣ ಒಳಕ್ಕೆ ತಳ್ಳಿಕೊಳ್ಳುತ್ತದೆ. ಹೊಗೆ ಬಂದರೆ ಎಚ್ಚರಿಸುವ ಅಲಾರಾಂ, ಮಗು ಅಳುವುದು ಕೇಳಿಸದೇ ಹೋಗಬಹುದು.

ಬದಲಿಸಿದ್ದು

ಮೊದಲ ಬದಲಾವಣೆ ಬೆಳಗಿನದು. ಏಳುವ ಹೊತ್ತು ದಿನವೂ ಆರೂವರೆ, ಭಾನುವಾರವೂ ಸೇರಿ. ರಾತ್ರಿ ಎಷ್ಟೇ ಕೆಟ್ಟು ಹೋಗಿರಲಿ, ಏಳುವುದು ಆರೂವರೆಗೆ. ಮಲಗುವ ಹೊತ್ತನ್ನು ನಾವು ಬಲವಂತ ಮಾಡಿ ಹಿಡಿದಿಡಲಾರೆವು, ಏಳುವ ಹೊತ್ತನ್ನು ಹಿಡಿದಿಡಬಹುದು. ಎದ್ದ ಹೊತ್ತಿನಿಂದಲೇ ರಾತ್ರಿಯ ನಿದ್ದೆಯ ಒತ್ತಡ, ಅಂದರೆ ನಿದ್ದೆ ಬೇಕು ಅನ್ನುವ ದೇಹದ ಒತ್ತಾಯ, ಕೂಡತೊಡಗುತ್ತದೆ. ಭಾನುವಾರ ಒಂಬತ್ತಕ್ಕೆ ಎದ್ದರೆ ರಾತ್ರಿ ಹನ್ನೊಂದಕ್ಕೆ ಆ ಒತ್ತಡ ಸಾಕಷ್ಟು ಇರುವುದೇ ಇಲ್ಲ.

ಎರಡನೆಯದು ಹತ್ತೂವರೆಗೇ ಹಾಸಿಗೆ ಸೇರುವುದನ್ನು ಬಿಟ್ಟದ್ದು. ನಿದ್ದೆ ಬರುತ್ತಿದ್ದದ್ದೇ ಹನ್ನೊಂದೂವರೆ ದಾಟಿ. ಹಾಗಿದ್ದಾಗ ಒಂದು ಗಂಟೆ ಹಾಸಿಗೆಯಲ್ಲಿ ಬಿದ್ದುಕೊಂಡು ಹಾಡು ಬದಲಿಸುತ್ತಾ ಇದ್ದರೆ, ಹಾಸಿಗೆ ಅಂದರೆ ಎಚ್ಚರವಾಗಿರುವ ಜಾಗ ಅಂತ ದೇಹ ಕಲಿಯುತ್ತದೆ. ಹಾಸಿಗೆಯ ಹೊತ್ತನ್ನು ಹನ್ನೊಂದೂಕಾಲಕ್ಕೆ ತಳ್ಳಿದೆವು. ಮಲಗಿ ಅಂದಾಜು ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಹೋಗಿ ಕೂರಬೇಕು, ಕಣ್ಣು ಎಳೆಯತೊಡಗಿದಾಗ ಮಾತ್ರ ವಾಪಸ್. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಸಿನ್ 1972ರಲ್ಲಿ ವಿವರಿಸಿದ ವಿಧಾನ ಇದು. ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಇಂದಿಗೂ ಬಳಸುತ್ತಾರೆ.

ಸಂಗೀತವನ್ನು ಹಾಸಿಗೆಯಿಂದ ಹೊರಗೆ ತಂದದ್ದು ಮೂರನೆಯದು. ಇದೇ ಮುಖ್ಯ ಅಂತ ನನಗನಿಸುತ್ತದೆ. ರಾತ್ರಿಯ ಕ್ರಮ ಹೀಗೆ ನಿಂತಿತು. ಒಂಬತ್ತಕ್ಕೆ ಎಡಿಟಿಂಗ್ ಬಂದ್, ಹೆಡ್‌ಫೋನ್ ಕೆಳಗೆ. ಅಲ್ಲಿಂದ ಒಂದೂವರೆ ಗಂಟೆ ಯಾವ ಹಾಡೂ ಇಲ್ಲ, ಸಂಜೆ ಕೇಳಿದ ತುಣುಕು ತಲೆಯಿಂದ ಇಳಿಯಲು ಹೊತ್ತು ಬೇಕು. ಒಂಬತ್ತೂವರೆಯ ಸುಮಾರಿಗೆ ಬಿಸಿನೀರಿನ ಸ್ನಾನ. ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರು ಬಿದ್ದರೆ ಕೈಕಾಲಿನ ಚರ್ಮಕ್ಕೆ ರಕ್ತ ಹರಿದು, ಆಮೇಲೆ ದೇಹದ ಒಳಗಿನ ಬಿಸಿ ಬೇಗ ಇಳಿಯುತ್ತದೆ. ಆ ಇಳಿಕೆ ನಿದ್ದೆಗೆ ಅನುಕೂಲ. ಹತ್ತೂವರೆಗೆ ಮಂದ ದೀಪ, ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಸಂಗೀತ. ಫೋನ್ ಆಚೆ ಮೇಜಿನ ಮೇಲೆ, ಶಬ್ದ ಸ್ಪೀಕರಿನಲ್ಲಿ. ಹನ್ನೊಂದಕ್ಕೆ ಹಲ್ಲುಜ್ಜಿ, ಮರುದಿನದ ಕೆಲಸ ಎರಡು ಸಾಲು ಬರೆದಿಟ್ಟು, ಹನ್ನೊಂದೂಕಾಲಕ್ಕೆ ಹಾಸಿಗೆ. ಹಾಸಿಗೆಯಲ್ಲಿ ಫ್ಯಾನ್ ಸದ್ದು ಮಾತ್ರ.

ಯಾವ ಸಂಗೀತ ಅನ್ನುವ ಪ್ರಶ್ನೆಗೆ ಕೊನೆಗೂ ಬಂದೆವು. ನಾಲ್ಕು ಗುಣ ಹುಡುಕಿ ಅಂದೆ. ಇಷ್ಟ ಆಗಬೇಕು, ಆದರೆ ಬಾಯಿಪಾಠ ಆಗಿರಬಾರದು. ಲಯ ನಿಧಾನ ಇರಬೇಕು, ಅಥವಾ ತಾಳವೇ ಇರದಿದ್ದರೂ ಸರಿ. ಮತ್ತೆ ಮತ್ತೆ ಬಂದು ಅಂಟುವ ಪಲ್ಲವಿಯಂಥ ಸಾಲು ಇರಬಾರದು. ಮೊದಲಿನಿಂದ ಕೊನೆಯವರೆಗೆ ಶಬ್ದ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರಬೇಕು. ಎಡಿಟಿಂಗ್ ತಂತ್ರಾಂಶದಲ್ಲಿ ಟ್ರ್ಯಾಕ್ ತೆರೆದರೆ ಶಬ್ದದ ಅಲೆ ಕಣ್ಣಿಗೇ ಕಾಣುತ್ತದೆ. ಮಧ್ಯೆ ಗುಡ್ಡ ಎದ್ದ ಟ್ರ್ಯಾಕುಗಳನ್ನೆಲ್ಲ ಅವರು ತೆಗೆದುಹಾಕಿದರು. ಉಳಿದದ್ದರಲ್ಲಿ ತಾಳವಿಲ್ಲದ ಆಲಾಪಗಳು, ಬರೀ ಶ್ರುತಿಯ ಮೇಲೆ ನಿಂತ ನಿಧಾನದ ನುಡಿಸಾಣಿಕೆ ಇತ್ತು.

ವಾಲ್ಯೂಮನ್ನು ಆ ಸೆಟ್ಟಿನ ಅತಿ ಜೋರಿನ ಜಾಗ ಹಾಕಿಯೇ ಹೊಂದಿಸಬೇಕು ಅಂದೆ. ಅಲ್ಲಿ ಫ್ಯಾನ್ ಸದ್ದಿಗಿಂತ ಸ್ವಲ್ಪವೇ ಮೇಲಿದ್ದರೆ ಸಾಕು, ಮೆಲ್ಲಗಿನ ಜಾಗಗಳು ಫ್ಯಾನಿನಲ್ಲಿ ಮುಳುಗಿಹೋದರೂ ಪರವಾಗಿಲ್ಲ. ಮೀಟರ್ ಇಲ್ಲದವರಿಗೆ ಇನ್ನೊಂದು ಪರೀಕ್ಷೆ ಇದೆ. ಪಕ್ಕದಲ್ಲಿ ಒಬ್ಬರು ಪಿಸುಗುಟ್ಟಿದರೆ ಮಾತು ಸ್ಪಷ್ಟವಾಗಿ ಕೇಳಿಸಬೇಕು. ಕೇಳಿಸದಿದ್ದರೆ ಹಾಡು ಜೋರಾಗಿದೆ.

ಎಲ್ಲಿ ಎಡವಿತು

ಮೊದಲ ವಾರ ನಿದ್ದೆ ಸುಧಾರಿಸಲಿಲ್ಲ, ಕೆಟ್ಟಿತು. ಹಾಡಿನ ಜೊತೆ ನಿದ್ದೆ ಹೋಗುವುದು ವರ್ಷಗಳ ಅಭ್ಯಾಸ, ಅದಿಲ್ಲದ ಹಾಸಿಗೆ ಬಿಕೋ ಅನ್ನುತ್ತಿತ್ತು. ಎರಡು ರಾತ್ರಿ ಒಂದು ಗಂಟೆಗಿಂತ ಜಾಸ್ತಿ ಹೊರಳಾಡಿದರು. "ಇದು ನನ್ನ ಕೈಲಾಗಲ್ಲ" ಅಂದರು. ಅದು ನಿರೀಕ್ಷಿತವೇ. ಯಾವ ಸ್ಥಿತಿಯಲ್ಲಿ ನಿದ್ದೆ ಹತ್ತುತ್ತದೋ, ಮಧ್ಯರಾತ್ರಿ ಎಚ್ಚರವಾದಾಗಲೂ ಮೆದುಳು ಅದೇ ಸ್ಥಿತಿಯನ್ನು ಕೇಳುತ್ತದೆ. ಹಾಡಿದ್ದಾಗ ಮಲಗಿ ಹಾಡಿಲ್ಲದಾಗ ಎಚ್ಚರವಾದರೆ ಏನೋ ಕಳೆದುಹೋದಂತೆ ಅನಿಸುತ್ತದೆ. ಹಾಡು ನಿಂತುಹೋಗಿದ್ದ ರಾತ್ರಿಗಳಲ್ಲಿ ಅವರು ಒಂದು ಗಂಟೆಗೆ ಎದ್ದು ಮತ್ತೆ ಪ್ಲೇ ಒತ್ತುತ್ತಿದ್ದದ್ದು ಇದಕ್ಕೇ.

ಹಾಗಾಗಿ ಒಂದು ಮೆಟ್ಟಿಲು ಕೆಳಗಿಳಿದೆವು. ಹಾಸಿಗೆಯಲ್ಲೂ ಹಾಡು ಇರಲಿ, ಆದರೆ ಸ್ಲೀಪ್ ಟೈಮರಿನಲ್ಲಿ 20 ನಿಮಿಷ, ಮತ್ತು ತಾನಾಗಿ ಮುಂದಿನ ಹಾಡು ಹುಡುಕಿ ಹಾಕುವ ಸೆಟ್ಟಿಂಗ್ ಬಂದ್. ಇಲ್ಲೂ ಒಂದು ತೊಡಕು ಬಂತು. ಟೈಮರ್ ಮುಗಿದಾಗ ಹಾಡು ಫಟ್ ಅಂತ ನಿಲ್ಲುತ್ತಿತ್ತು. ತೂಕಡಿಕೆಯ ಅಂಚಿನಲ್ಲಿರುವವರನ್ನು ಶಬ್ದ ಬರುವುದು ಎಬ್ಬಿಸುವ ಹಾಗೆ ಶಬ್ದ ಹೋಗುವುದೂ ಎಬ್ಬಿಸುತ್ತದೆ. ಎಡಿಟರ್ ಕೈಗೆ ಕೆಲಸ ಸಿಕ್ಕಿತು. ತಮ್ಮ ಸೆಟ್ಟಿನದೇ 20 ನಿಮಿಷದ ಒಂದು ಫೈಲ್ ಮಾಡಿ, ಕೊನೆಯ ಎಂಟು ನಿಮಿಷ ಶಬ್ದ ನಿಧಾನವಾಗಿ ಇಳಿಯುತ್ತಾ ಫ್ಯಾನಿನಲ್ಲಿ ಕರಗುವ ಹಾಗೆ ಕೂರಿಸಿದರು. ಎಲ್ಲರೂ ಇಷ್ಟೆಲ್ಲ ಮಾಡಬೇಕಿಲ್ಲ. ಕೊನೆಯಲ್ಲಿ ಮೆಲ್ಲಗೆ ಇಳಿಸುವ ಸೌಲಭ್ಯ ಇರುವ ಟೈಮರ್ ಹುಡುಕಿಕೊಂಡರೆ ಸಾಕು. ಎಚ್ಚರವಾದರೆ ಮತ್ತೆ ಹಾಕಬಾರದು ಅನ್ನುವುದೊಂದೇ ಕಟ್ಟುನಿಟ್ಟು.

ಆಮೇಲೆ ವಾರಕ್ಕೆ ಐದು ನಿಮಿಷದಂತೆ ಹಾಸಿಗೆಯ ಹಾಡನ್ನು ಕಡಿಮೆ ಮಾಡಿದೆವು. ಕುರ್ಚಿಯ ಅರ್ಧ ಗಂಟೆಯನ್ನು ಮುಟ್ಟಲಿಲ್ಲ.

ಇನ್ನೊಂದು ಎಡವಟ್ಟು ಸೆಟ್ಟಿನದೇ. ಮೂರನೇ ವಾರದ ಹೊತ್ತಿಗೆ ದಿನವೂ ಅದನ್ನೇ ಕೇಳಿ ಕೇಳಿ ಒಂದು ಆಲಾಪದ ಸಂಚಾರ ಅವರಿಗೆ ಬಾಯಿಗೆ ಬರತೊಡಗಿತು, ತಲೆಗೂ ಹತ್ತಿತು. ಇಲ್ಲಿ ಎರಡು ಸಲಹೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ದಿನವೂ ಅದೇ ಸಂಗೀತ ಇದ್ದರೆ ಅದು ನಿದ್ದೆಯ ಸೂಚನೆಯಾಗುತ್ತದೆ, ಆದರೆ ಅದೇ ಕಾರಣಕ್ಕೆ ತಲೆಗೆ ಅಂಟಲೂಬಹುದು. ಹೆಚ್ಚಿನವರಿಗೆ ಇದು ತೊಂದರೆ ಕೊಡುವುದಿಲ್ಲ. ಸಂಗೀತ ಬೇಗ ತಲೆಗೆ ಹತ್ತುವವರಿಗೆ ಕೊಡುತ್ತದೆ. ಇವರಿಗಾಗಿ ಒಂದೇ ಬಗೆಯ, ಒಂದೇ ಮಟ್ಟದ ಮೂರು ಸೆಟ್ ಮಾಡಿ ಸರದಿಯಲ್ಲಿ ಹಾಕಿಕೊಳ್ಳುವಂತೆ ಹೇಳಿದೆ. ಸೂಚನೆಯ ಕೆಲಸವನ್ನು ಮಂದ ದೀಪ, ಅದೇ ಕುರ್ಚಿ, ಅದೇ ಹೊತ್ತು ಮಾಡುತ್ತವೆ.

ಮಾತು ಕೇಳಿಸುವ ಪಾಡ್‌ಕಾಸ್ಟ್ ಹಾಕಿ ನೋಡಲೇ ಅಂತಲೂ ಕೇಳಿದ್ದರು. ಕೆಲವರಿಗೆ ಬೇಸರ ತರಿಸುವ ಮಾತು ನಿದ್ದೆ ತರಿಸುತ್ತದೆ ನಿಜ. ಇವರಿಗೆ ಕಥೆಯ ಎಳೆ ಸಿಕ್ಕರೆ ಬಿಡುವ ಸ್ವಭಾವವಿಲ್ಲ, ಹಾಗಾಗಿ ಬೇಡ ಅಂದೆ. ಮಳೆ ಸದ್ದು, ಒಂದೇ ಸಮನಾದ ಸುಯ್ ಸದ್ದು ಇವುಗಳಿಂದ ಹೊರಗಿನ ಗದ್ದಲ ಮುಚ್ಚಲು ಉಪಯೋಗವಿದೆ. ಇವರ ಕೋಣೆ ಮೊದಲೇ ಶಾಂತವಾಗಿತ್ತು, ಫ್ಯಾನೇ ಆ ಕೆಲಸ ಮಾಡುತ್ತಿತ್ತು. ಕಿವಿಯಲ್ಲಿ ಸದಾ ಕೀಂ ಅನ್ನುವ ತೊಂದರೆ ಇರುವವರ ವಿಷಯ ಬೇರೆ. ಅವರಿಗೆ ಪೂರ್ತಿ ನಿಶ್ಶಬ್ದವೇ ಕಷ್ಟ, ಮೆಲ್ಲಗಿನ ಒಂದೇ ಸಮನಾದ ಸದ್ದು ರಾತ್ರಿಯಿಡೀ ಇದ್ದರೆ ಒಳ್ಳೆಯದು.

ಈಗಿನ ಸ್ಥಿತಿ

ಎರಡು ತಿಂಗಳ ನಂತರದ ಡೈರಿಯಲ್ಲಿ ನಿದ್ದೆ ಹತ್ತಲು ಹಿಡಿಯುವ ಹೊತ್ತು ಸಾಮಾನ್ಯವಾಗಿ 15ರಿಂದ 25 ನಿಮಿಷ. ಒಂದರ ಎಚ್ಚರ ಪೂರ್ತಿ ಹೋಗಿಲ್ಲ, ವಾರಕ್ಕೆ ಒಂದೆರಡು ಸಲ ಇದೆ, ಆದರೆ ಹತ್ತು ನಿಮಿಷದಲ್ಲಿ ಮತ್ತೆ ನಿದ್ದೆ ಬರುತ್ತದೆ. ಹಾಸಿಗೆಯಲ್ಲಿ ಹಾಡಿಲ್ಲ. ಇದರಲ್ಲಿ ಸಂಗೀತದ ಪಾಲೆಷ್ಟು, ಏಳುವ ಹೊತ್ತು ಕಟ್ಟಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ, ಎರಡನ್ನೂ ಒಟ್ಟಿಗೇ ಬದಲಿಸಿದೆವು. ಒಂದು ಸುಳಿವು ಮಾತ್ರ ಇದೆ. ಗಡುವಿನ ಒತ್ತಡದಲ್ಲಿ ರಾತ್ರಿ ಹತ್ತೂವರೆವರೆಗೆ ಎಡಿಟಿಂಗ್ ಮಾಡಿದ ದಿನಗಳಲ್ಲಿ, ಏಳುವ ಹೊತ್ತು ಅದೇ ಇದ್ದರೂ, ತಲೆಯೊಳಗಿನ ಹಾಡು ಮತ್ತು ಮಧ್ಯರಾತ್ರಿಯ ಎಚ್ಚರ ಎರಡೂ ಒಟ್ಟಿಗೆ ಮರಳಿದವು.

ನಿದ್ದೆಯ ತೊಂದರೆ ವಾರಕ್ಕೆ ಮೂರು ರಾತ್ರಿಯಾದರೂ ಇದ್ದು, ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಇವರು ಬಂದದ್ದು ಆ ಗಡಿಗಿಂತ ಮುಂಚೆ. ಅದು ದಾಟಿದವರಿಗೆ ಪ್ಲೇಲಿಸ್ಟ್, ಟೈಮರ್ ಸಾಲುವುದಿಲ್ಲ. ತರಬೇತಿ ಇರುವವರ ಬಳಿ ನಿದ್ರಾಹೀನತೆಗೆಂದೇ ಇರುವ ವರ್ತನಾ ಚಿಕಿತ್ಸೆ ಪಡೆಯಬೇಕು. ಇಪ್ಪತ್ತು ನಿಮಿಷಕ್ಕೆ ಎದ್ದು ಕೂರುವ ಕ್ರಮ ಅದರ ಒಂದು ಭಾಗ ಮಾತ್ರ.

ಮುಂದಿನ ಭೇಟಿಗೆ ನಾವು ಇಟ್ಟುಕೊಂಡ ಕೆಲಸ ಒಂದೇ: ಗಡುವಿನ ವಾರಗಳಲ್ಲಿ ಒಂಬತ್ತರ ನಂತರ ಶಬ್ದ ಕೇಳದೆಯೇ ಮಾಡಬಹುದಾದ ಎಡಿಟಿಂಗ್ ಕೆಲಸ ಯಾವುದಿದೆ, ಬಣ್ಣ ತಿದ್ದುವುದು, ಫೈಲ್ ಜೋಡಿಸುವುದು ಇಂಥವು, ಅದನ್ನು ರಾತ್ರಿಗೆ ಸರಿಸಿ ನೋಡುವುದು.